ನಾಮಿನಿ ಇದ್ದಾರಲ್ಲ, ವಿಲ್ ಯಾಕೆ ಬೇಕು?

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ. ಮಕ್ಕಳಿಗೆ 14 ಮತ್ತು 9. ಹೋದ ವರ್ಷ ನಮ್ಮ ಭಾವನವರು ಹೃದಯಾಘಾತದಿಂದ ತೀರಿಹೋದರು. ಅವರ 9 ಲಕ್ಷದ ಡಿಪಾಸಿಟ್‌ಗೆ ನಾಮಿನಿಯೇ ಇರಲಿಲ್ಲ. ಓರಗಿತ್ತಿ ಅಕ್ಕ ಇನ್ನೂ ಬ್ಯಾಂಕಿಗೆ ಅಲೆಯುತ್ತಿದ್ದಾರೆ, ಕೋರ್ಟಿನಿಂದ ಸರ್ಟಿಫಿಕೇಟ್ ತನ್ನಿ ಅಂತಾರಂತೆ. ನಮ್ಮಲ್ಲಿ 12 ಲಕ್ಷದ ಎಫ್‌ಡಿಗೆ ನಾನು ನಾಮಿನಿ. ಪಿಎಫ್‌ಗೂ 5 ಲಕ್ಷದ ಹಳೆಯ ಎಲ್‌ಐಸಿ ಪಾಲಿಸಿಗೂ ಮದುವೆಗೆ ಮುಂಚೆಯೇ ಅತ್ತೆಯವರ ಹೆಸರು ಹಾಕಿದ್ದಾರೆ. ಪತ್ತಿನ ಸಹಕಾರ ಸಂಘದಲ್ಲಿ 3 ಲಕ್ಷ ಇದೆ, ಅದಕ್ಕೆ ಯಾರ ಹೆಸರಿದೆಯೋ ಗೊತ್ತಿಲ್ಲ. ಇವರ ದುಡಿಮೆಯಲ್ಲಿ ಕೊಂಡ 30x40 ಸೈಟ್ ಒಂದಿದೆ. ವಿಲ್ ಬರೆಯೋಣ ಅಂದರೆ "ನಮಗೇನು ಕೋಟಿ ಆಸ್ತಿ ಇದೆಯಾ, ನಾಮಿನಿ ಇದ್ದಾರಲ್ಲ, ಸಾಕು" ಅಂತಾರೆ. ಅತ್ತೆ ತುಂಬಾ ಒಳ್ಳೆಯವರು, ನಮ್ಮ ಜೊತೆಗೇ ಇದ್ದಾರೆ. ಅವರ ಮನಸ್ಸಿಗೆ ನೋವಾಗದ ಹಾಗೆ ಏನು ಮಾಡಬಹುದು?
ಒಬ್ಬ ಓದುಗರು, ದಾವಣಗೆರೆ

ಉತ್ತರ: ನಿಮ್ಮ ಯಜಮಾನರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ನಾಮಿನಿ ಇದ್ದರೆ ಬ್ಯಾಂಕು ಹಣವನ್ನು ಹೆಚ್ಚು ಪ್ರಶ್ನೆ ಕೇಳದೆ ಕೊಡುತ್ತದೆ. ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ, ಕ್ಲೇಮ್ ಅರ್ಜಿ ಇಷ್ಟು ಕೊಟ್ಟರೆ ಕೆಲವೇ ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಬ್ಯಾಂಕಿನ ಶಾಖೆಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ನಾನು ಇದನ್ನು ನೂರಾರು ಸಲ ನೋಡಿದ್ದೇನೆ. ಆದರೆ ಹಣ ಯಾರ ಕೈಗೆ ಬರುತ್ತದೆ ಅನ್ನುವುದು ಒಂದು ಪ್ರಶ್ನೆ, ಅದು ಯಾರದ್ದು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಾಮಿನೇಷನ್ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ವಿಲ್‌ನಲ್ಲಿರಬೇಕು. ವಿಲ್ ಇಲ್ಲದಿದ್ದರೆ ಉತ್ತರಾಧಿಕಾರ ಕಾನೂನು ತಾನಾಗಿಯೇ ಉತ್ತರ ಕೊಡುತ್ತದೆ, ಆ ಉತ್ತರ ನೀವು ಅಂದುಕೊಂಡದ್ದೇ ಆಗಿರಬೇಕೆಂದಿಲ್ಲ.

ನಾಮಿನಿ ಅಂದರೆ ಮನೆಯವರೆಲ್ಲರ ಪರವಾಗಿ ಹಣ ಇಸಿದುಕೊಳ್ಳುವವರು. ಅವರಿಗೆ ಕೊಟ್ಟ ಮೇಲೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು. ಆಮೇಲೆ ವಾರಸುದಾರರು ಬಂದು "ನಮ್ಮ ಪಾಲು ಎಲ್ಲಿ" ಎಂದರೆ ಉತ್ತರ ಕೊಡಬೇಕಾದವರು ನಾಮಿನಿಯೇ ಹೊರತು ಬ್ಯಾಂಕಲ್ಲ. ಇದು ಹೊಸ ಮಾತಲ್ಲ. ಜೀವ ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲೇ ಹೀಗೆ ಹೇಳಿತು. ಕಂಪನಿ ಷೇರುಗಳ ವಿಷಯದಲ್ಲೂ 2023ರ ಡಿಸೆಂಬರ್‌ನಲ್ಲಿ ಅದೇ ಮಾತು ಹೇಳಿತು.

ಈಗ ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ಬೇಡದ್ದನ್ನು ಯೋಚಿಸಬೇಕಾಗುತ್ತದೆ, ದಯವಿಟ್ಟು ಕ್ಷಮಿಸಿ. ನಿಮಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ. ಆ ಕಾಯ್ದೆಯ ಪ್ರಕಾರ ಗಂಡಸೊಬ್ಬರು ವಿಲ್ ಬರೆಯದೆ ತೀರಿಕೊಂಡರೆ ಮೊದಲ ವರ್ಗದ ವಾರಸುದಾರರು ಹೆಂಡತಿ, ಮಕ್ಕಳು ಮತ್ತು ತಾಯಿ. ಎಲ್ಲರಿಗೂ ಸಮಪಾಲು. ತಂದೆ ಈ ವರ್ಗದಲ್ಲಿ ಬರುವುದಿಲ್ಲ, ತಾಯಿ ಬರುತ್ತಾರೆ. ಬಹಳ ಜನಕ್ಕೆ ಇದು ತಿಳಿದಿರುವುದಿಲ್ಲ. ಅಂದರೆ ನಿಮ್ಮಲ್ಲಿ ನಾಲ್ಕು ಪಾಲು: ನೀವು, ಇಬ್ಬರು ಮಕ್ಕಳು, ಅತ್ತೆಯವರು.

ಪಿಎಫ್‌ಗೆ ಅದರದೇ ನಿಯಮ ಇರುವುದರಿಂದ ಅದನ್ನು ಸದ್ಯಕ್ಕೆ ಬದಿಗಿಡೋಣ. ಎಫ್‌ಡಿ 12, ಎಲ್‌ಐಸಿ 5, ಸಂಘದ್ದು 3, ಒಟ್ಟು 20 ಲಕ್ಷ. ಒಬ್ಬೊಬ್ಬರ ಪಾಲು 5 ಲಕ್ಷ. ನಾಮಿನಿಯಾಗಿ ನಿಮ್ಮ ಕೈಗೆ 12 ಲಕ್ಷ ಬರುತ್ತದೆ, ಆದರೆ ಅದರಲ್ಲಿ ನಿಮ್ಮದು ಮತ್ತು ಮಕ್ಕಳದು 9 ಲಕ್ಷ, ಅತ್ತೆಯವರದು 3. ಎಲ್‌ಐಸಿ ಹಣ ಅವರ ಕೈಗೆ ಬರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನಿಮ್ಮ ಮೂವರದು. ಅತ್ತೆ ಒಳ್ಳೆಯವರು ಎಂದು ಬರೆದಿದ್ದೀರಿ, ನಾನು ನಂಬುತ್ತೇನೆ. ಹಣದ ಮಟ್ಟಿಗೆ ನೀವು ನೀವೇ ಕೂತು ಸರಿಮಾಡಿಕೊಳ್ಳುತ್ತೀರಿ.

ಸೈಟಿನ ವಿಷಯ ಹಾಗಲ್ಲ. ಸೈಟಿನಲ್ಲೂ ಅತ್ತೆಯವರಿಗೆ ಕಾಲು ಪಾಲು ಬರುತ್ತದೆ. ಕೆಲವು ವರ್ಷದ ನಂತರ ಅವರೂ ವಿಲ್ ಬರೆಯದೆ ಹೋದರೆ ಆ ಕಾಲು ಪಾಲು ಅವರ ಮಕ್ಕಳಿಗೆ ಹೋಗುತ್ತದೆ, ತೀರಿಕೊಂಡ ಮಕ್ಕಳ ಪಾಲು ಮೊಮ್ಮಕ್ಕಳಿಗೆ. ನಿಮಗೆ ಒಬ್ಬರು ನಾದಿನಿ ಇದ್ದಾರೆ ಅಂದುಕೊಳ್ಳಿ. ಆಗ ಅತ್ತೆಯವರ ಕಾಲು ಭಾಗ ಮತ್ತೆ ಮೂರಾಗುತ್ತದೆ: ನಾದಿನಿಗೆ ಒಂದು, ಭಾವನವರ ಮಕ್ಕಳಿಗೆ ಒಂದು, ನಿಮ್ಮ ಮಕ್ಕಳಿಗೆ ಒಂದು. ಸೈಟಿನ ಹನ್ನೆರಡನೇ ಒಂದು ಭಾಗ ನಾದಿನಿಯದು, ಹನ್ನೆರಡನೇ ಒಂದು ಭಾಗ ಓರಗಿತ್ತಿಯ ಮಕ್ಕಳದು. ಮಗಳ ಓದಿಗೆ ಎಂದು ಆ ಸೈಟ್ ಮಾರಲು ಹೊರಟರೆ ಇವರೆಲ್ಲರೂ ಉಪನೋಂದಣಾಧಿಕಾರಿ ಕಚೇರಿಗೆ ಬಂದು ಸಹಿ ಹಾಕಬೇಕು. ಯಾರೂ ಕೆಟ್ಟವರಾಗಬೇಕಿಲ್ಲ. ಒಬ್ಬರು ವಿದೇಶದಲ್ಲಿದ್ದರೆ, ಒಬ್ಬರಿಗೆ ಹುಷಾರಿಲ್ಲದಿದ್ದರೆ ಸಾಕು, ವ್ಯವಹಾರ ನಿಂತುಹೋಗುತ್ತದೆ.

ಇನ್ನೊಂದು ತೊಡಕು ಮಕ್ಕಳ ವಯಸ್ಸಿನದು. ಅಪ್ರಾಪ್ತರ ಹೆಸರಿಗೆ ಬಂದ ಸ್ಥಿರಾಸ್ತಿಯ ಪಾಲನ್ನು ತಾಯಿಯಾದರೂ ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಮಾರಿದರೆ ಮಕ್ಕಳು ದೊಡ್ಡವರಾದ ಮೇಲೆ ಅದನ್ನು ಪ್ರಶ್ನಿಸಬಹುದು, ಹಾಗಾಗಿ ತಿಳಿದ ಯಾವ ಖರೀದಿದಾರರೂ ಮುಟ್ಟುವುದಿಲ್ಲ. ನಿಮ್ಮ ಚಿಕ್ಕ ಮಗುವಿಗೆ 18 ತುಂಬಲು ಇನ್ನೂ 9 ವರ್ಷ ಇದೆ. "ಸೈಟ್ ನನ್ನ ಹೆಂಡತಿಗೆ" ಎಂಬ ಒಂದು ಸಾಲು ವಿಲ್‌ನಲ್ಲಿದ್ದರೆ ಈ ಎರಡೂ ತೊಡಕು ಹುಟ್ಟುವುದೇ ಇಲ್ಲ. ಕೋಟಿ ಆಸ್ತಿ ಇದ್ದವರಿಗೆ ವಿಲ್ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಕೋಟಿ ಇದ್ದವರು ವಕೀಲರನ್ನು ಇಟ್ಟುಕೊಂಡು ಹತ್ತು ವರ್ಷ ಕಾಯಬಲ್ಲರು. ಒಂದೇ ಸೈಟ್ ಇರುವ ಮನೆಗೆ ಆ ಸೈಟು ಬೇಕಾದ ದಿನವೇ ಬೇಕು.

ಎಲ್‌ಐಸಿ ಪಾಲಿಸಿ ಬಗ್ಗೆ ಒಂದು ವಿಷಯ ಸೇರಿಸಬೇಕು. ವಿಮಾ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಗಿ, ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಆ ಹಣದ ಲಾಭ ಅವರದೇ ಎಂಬ ಮಾತು ಸೇರಿತು. ಅದನ್ನು ಓದಿದ ಏಜೆಂಟರು "ನಾಮಿನಿಯೇ ಮಾಲೀಕರು" ಎಂದು ಹೇಳುವುದುಂಟು. ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ ಸರಿಯಾಗಿ ನಿಮ್ಮ ಮನೆಯಂಥದೇ ಸನ್ನಿವೇಶ ಬಂದಿತ್ತು. ಮದುವೆಗೆ ಮುಂಚೆ ಪಾಲಿಸಿ ಮಾಡಿಸಿ ತಾಯಿಯನ್ನು ನಾಮಿನಿ ಮಾಡಿದ್ದ ಯುವಕ, ಮದುವೆಯಾಗಿ ಮಗು ಹುಟ್ಟಿದ ಮೇಲೂ ಹೆಸರು ಬದಲಿಸದೆ ತೀರಿಕೊಂಡಿದ್ದರು. ವಾರಸುದಾರರು ಹಕ್ಕು ಕೇಳಿದರೆ ನಾಮಿನಿಯ ಹಕ್ಕು ಅದಕ್ಕೆ ತಲೆಬಾಗಬೇಕು ಎಂದು 2025ರಲ್ಲಿ ತೀರ್ಪಾಯಿತು. ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು. ಬೇರೆ ಹೈಕೋರ್ಟ್‌ಗಳಿಂದ ಇದಕ್ಕಿಂತ ಭಿನ್ನವಾದ ತೀರ್ಪುಗಳೂ ಬಂದಿವೆ, ಆದ್ದರಿಂದ ಇದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ. ಆ ಮನೆಯವರು ಪಾಲಿಗಾಗಿ ಹೈಕೋರ್ಟಿನವರೆಗೆ ಹೋಗಬೇಕಾಯಿತು. ಎಲ್‌ಐಸಿ ಶಾಖೆಗೆ ಪಾಲಿಸಿ ಬಾಂಡ್ ತೆಗೆದುಕೊಂಡು ಹೋಗಿ ನಾಮಿನಿ ಬದಲಾವಣೆಯ ನಮೂನೆ ತುಂಬಿಕೊಟ್ಟಿದ್ದರೆ ಅದು ಒಂದು ಬೆಳಗಿನ ಕೆಲಸವಾಗಿತ್ತು.

ಪಿಎಫ್ ಇನ್ನೂ ತುರ್ತಿನದು. ಮದುವೆಗೆ ಮುಂಚೆ ಮಾಡಿದ ನಾಮಿನೇಷನ್ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಕೊಡಬೇಕು ಎಂದು ಭವಿಷ್ಯ ನಿಧಿ ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಇವತ್ತು ನಿಮ್ಮ ಯಜಮಾನರ ಪಿಎಫ್‌ಗೆ ನಾಮಿನಿ ಇದ್ದೂ ಇಲ್ಲದ ಹಾಗೆ. ಕೆಲಸದಲ್ಲಿರುವಾಗಲೇ ತೀರಿಕೊಂಡವರ ಮನೆಯವರಿಗೆ ಪಿಎಫ್ ಜೊತೆ ಗರಿಷ್ಠ 7 ಲಕ್ಷದವರೆಗೆ ವಿಮೆಯ ಹಣವೂ ಬರುತ್ತದೆ. ಅದೂ ಇದೇ ನಾಮಿನೇಷನ್ ಆಧಾರದ ಮೇಲೆ ನಡೆಯುತ್ತದೆ. ಸರಿಪಡಿಸುವುದು ಸುಲಭ. ಅವರ ಪಿಎಫ್ ಗುರುತಿನ ಸಂಖ್ಯೆಯಾದ ಯುಎಎನ್ ಹಾಕಿ ಸದಸ್ಯರ ಪೋರ್ಟಲ್‌ಗೆ ಹೋಗಿ Manage ಅಡಿಯಲ್ಲಿ E-Nomination ತೆರೆಯಬೇಕು. ನಿಮ್ಮ ಮತ್ತು ಮಕ್ಕಳ ಆಧಾರ್ ಸಂಖ್ಯೆ, ಫೋಟೊ ಬೇಕಾಗುತ್ತವೆ. ಯಾರಿಗೆ ಎಷ್ಟು ಶೇಕಡಾ ಎಂದು ತುಂಬಬೇಕು. ಇಲ್ಲಿ ಬಹಳ ಜನ ಎಡವುವುದು ಕೊನೆಯ ಹೆಜ್ಜೆಯಲ್ಲಿ. ವಿವರ ತುಂಬಿ ಸೇವ್ ಮಾಡಿ, ಆಯಿತು ಎಂದು ಮುಚ್ಚಿಬಿಡುತ್ತಾರೆ. ಆಧಾರ್ ಓಟಿಪಿ ಮೂಲಕ ಇ-ಸೈನ್ ಆಗುವವರೆಗೆ ಅದು ಬಾಕಿ ಅರ್ಜಿಯಷ್ಟೇ. ಇ-ಸೈನ್ ಆದ ಪ್ರತಿಯನ್ನು ಇಳಿಸಿಕೊಂಡು ಪ್ರಿಂಟ್ ತೆಗೆದಿಡಿ.

ಬ್ಯಾಂಕಿನ ಎಫ್‌ಡಿಗೆ ನೀವೇ ನಾಮಿನಿ ಎಂದು ಹೇಗೆ ಗೊತ್ತಾಯಿತು ಎಂದು ನಾನು ಎದುರಿಗಿದ್ದರೆ ಕೇಳುತ್ತಿದ್ದೆ. ಉಳಿತಾಯ ಖಾತೆಗೆ ಕೊಟ್ಟ ನಾಮಿನೇಷನ್ ಎಫ್‌ಡಿಗೆ ತಾನಾಗಿ ಅನ್ವಯಿಸುವುದಿಲ್ಲ. ಮೊಬೈಲ್ ಆ್ಯಪಿನಲ್ಲಿ ಎಫ್‌ಡಿ ಮಾಡುವಾಗ ನಾಮಿನಿ ಕಲಂ ಬಿಟ್ಟು ಮುಂದೆ ಹೋದವರು ಬೇಕಾದಷ್ಟಿದ್ದಾರೆ. ಒಂದೊಂದು ರಸೀದಿಯನ್ನೂ ತೆರೆದು ನೋಡಿ. ನಾಮಿನೇಷನ್ ನೋಂದಾಯಿಸಲಾಗಿದೆ ಎಂಬ ಸಾಲು ಅಲ್ಲಿ ಇರಬೇಕು. ಪಾಸ್‌ಬುಕ್ಕಿನ ಮೊದಲ ಪುಟದಲ್ಲೂ ಅದು ಇರುತ್ತದೆ. ಇಲ್ಲದಿದ್ದರೆ ಶಾಖೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಡಿಪಾಸಿಟ್‌ಗಳಲ್ಲಿ ಇದಕ್ಕೆ ಎರಡು ದಾರಿ ಇವೆ: ನಿಮಗೆ ಇಷ್ಟು, ಅತ್ತೆಗೆ ಇಷ್ಟು ಎಂದು ಶೇಕಡಾ ಬರೆಯುವುದು ಒಂದು, ಮೊದಲು ನೀವು, ನೀವಿಲ್ಲದಿದ್ದರೆ ಮಕ್ಕಳು ಎಂದು ಸರದಿಯಲ್ಲಿ ಬರೆಯುವುದು ಇನ್ನೊಂದು. ಲಾಕರಿಗೆ ಸರದಿ ಮಾತ್ರ. ಗಂಡ ಹೆಂಡತಿ ಒಟ್ಟಿಗೆ ಪ್ರಯಾಣ ಮಾಡುವ ಮನೆಗಳಿಗೆ ಸರದಿಯ ದಾರಿ ಬಹಳ ಉಪಯೋಗದ್ದು. ಮಕ್ಕಳು ಅಪ್ರಾಪ್ತರಾದರೆ ಅವರ ಪರವಾಗಿ ಹಣ ಪಡೆಯುವ ದೊಡ್ಡವರ ಹೆಸರನ್ನೂ ಅದೇ ಅರ್ಜಿಯಲ್ಲಿ ಬರೆಯಬೇಕು.

"ಜಂಟಿ ಖಾತೆ ಮಾಡಿಬಿಟ್ಟರೆ ಆಯಿತಲ್ಲ" ಎಂದು ಕೇಳುವವರಿದ್ದಾರೆ. ಮನೆ ಖರ್ಚಿನ ಖಾತೆಯನ್ನು ಖಂಡಿತ ಜಂಟಿ ಮಾಡಿ, "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂಬ ಷರತ್ತಿನ ಮೇಲೆ. ಒಬ್ಬರು ಹೋದ ಮರುದಿನವೂ ಆಸ್ಪತ್ರೆ ಬಿಲ್ಲು, ಕಾರ್ಯದ ಖರ್ಚು ನಿಲ್ಲುವುದಿಲ್ಲ, ಆಗ ಆ ಖಾತೆ ಕೈ ಹಿಡಿಯುತ್ತದೆ. ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯುವ ತಪ್ಪಿಗೆ ಮನೆಯವರು ಇಳಿಯುವುದೂ ಇಲ್ಲ. ಆದರೆ ಜಂಟಿ ಖಾತೆಯಲ್ಲೂ ಉಳಿದವರ ಕೈಗೆ ಬರುವುದು ನಿರ್ವಹಿಸುವ ಹಕ್ಕು, ವಾರಸುದಾರರ ಪಾಲು ಅಳಿಸಿಹೋಗುವುದಿಲ್ಲ. ಇನ್ನು ಕೆಲವರು ಎಲ್ಲವನ್ನೂ ಈಗಲೇ ಹೆಂಡತಿ ಹೆಸರಿಗೆ ಬರೆದುಬಿಡುತ್ತಾರೆ. ಅದು ಒಮ್ಮೆ ಆದರೆ ಹಿಂದೆ ತೆಗೆದುಕೊಳ್ಳುವುದು ಕಷ್ಟ, ನಿಮ್ಮ ವಯಸ್ಸಿನವರಿಗೆ ನಾನು ಹೇಳುವುದಿಲ್ಲ. ವಿಲ್‌ಗೆ ಆ ಭಯ ಇಲ್ಲ. ಬರೆದವರು ಬದುಕಿರುವವರೆಗೆ ಅದು ಬರೀ ಕಾಗದ, ನಾಳೆಯೇ ಹರಿದು ಬೇರೆ ಬರೆಯಬಹುದು.

ವಿಲ್ ಎಂದರೆ ಛಾಪಾ ಕಾಗದ, ವಕೀಲರು, ನೋಂದಣಿ ಎಂದು ಜನ ಹೆದರುತ್ತಾರೆ. ಕಾನೂನು ಕೇಳುವುದು ಬಹಳ ಕಡಿಮೆ. ಬಿಳಿ ಹಾಳೆ ಸಾಕು, ಕೈಬರಹವೂ ಆದೀತು. ಬರೆದವರು ಸಹಿ ಹಾಕಬೇಕು, ಅದನ್ನು ನೋಡಿದ ಇಬ್ಬರು ಸಾಕ್ಷಿಗಳು ಬರೆದವರ ಎದುರಿಗೇ ಸಹಿ ಹಾಕಬೇಕು. ಅಷ್ಟೇ. ನಿಮ್ಮ ಮನೆಗೆ ನಾನಾದರೆ ಸುಮಾರು ಹೀಗೆ ಬರೆಯಲು ಹೇಳುತ್ತೇನೆ:

"ನಾನು ಸಂಪೂರ್ಣ ಎಚ್ಚರದಿಂದ, ಯಾರ ಒತ್ತಾಯವೂ ಇಲ್ಲದೆ ಈ ವಿಲ್ ಬರೆಯುತ್ತಿದ್ದೇನೆ. ಹಿಂದೆ ಬರೆದ ವಿಲ್ ಏನಾದರೂ ಇದ್ದರೆ ಅದು ರದ್ದು. ನನ್ನ ಸ್ವಂತ ದುಡಿಮೆಯಿಂದ ಕೊಂಡ ಸೈಟ್ ನನ್ನ ಹೆಂಡತಿಗೆ ಸೇರಬೇಕು. ಸಹಕಾರ ಸಂಘದಲ್ಲಿರುವ ಡಿಪಾಸಿಟ್ ಹಣ ನನ್ನ ತಾಯಿಗೆ ಸೇರಬೇಕು, ನನಗಿಂತ ಮುಂಚೆ ಅವರು ಇಲ್ಲವಾದರೆ ನನ್ನ ಹೆಂಡತಿಗೆ. ಇಲ್ಲಿ ಹೆಸರಿಸಿದ, ಹೆಸರಿಸದ ಉಳಿದೆಲ್ಲ ಆಸ್ತಿ, ಠೇವಣಿ, ವಿಮೆ ಹಣ ನನ್ನ ಹೆಂಡತಿಗೆ. ಆಕೆಯೂ ಇಲ್ಲದಿದ್ದರೆ ಇಬ್ಬರು ಮಕ್ಕಳಿಗೆ ಸಮವಾಗಿ. ಇದನ್ನು ಜಾರಿಗೆ ತರುವ ಹೊಣೆ ನನ್ನ ಹೆಂಡತಿಯದು, ಆಕೆಗೆ ಆಗದಿದ್ದರೆ ನನ್ನ ತಂಗಿಯದು."

ಮಧ್ಯದ "ಹೆಸರಿಸದ ಉಳಿದೆಲ್ಲ" ಎಂಬ ಮಾತನ್ನು ಬಿಡಬೇಡಿ. ಮುಂದಿನ ವರ್ಷ ಮಾಡುವ ಎಫ್‌ಡಿ, ಕಂಪನಿಯಿಂದ ಬರುವ ಗ್ರಾಚ್ಯುಟಿ ಇವೆಲ್ಲ ಆ ಎರಡು ಪದದೊಳಗೆ ಬರುತ್ತವೆ. ಅದಿಲ್ಲದ ವಿಲ್‌ನಲ್ಲಿ ಹೆಸರಿಸದ ಆಸ್ತಿ ಮತ್ತೆ ನಾಲ್ಕು ಪಾಲಾಗುತ್ತದೆ. ಸೈಟಿನ ಅಳತೆ, ಸಂಖ್ಯೆ, ಬಡಾವಣೆಯನ್ನು ಕ್ರಯಪತ್ರದಲ್ಲಿ ಇರುವ ಹಾಗೆಯೇ ನಕಲು ಮಾಡಿ. ವಿಲ್‌ನಲ್ಲಿ ಬರೆದ ಹೆಸರೂ ನಾಮಿನೇಷನ್‌ನಲ್ಲಿರುವ ಹೆಸರೂ ಆದಷ್ಟು ಒಂದೇ ಆಗಿರಲಿ. ಹಣ ಒಬ್ಬರ ಕೈಗೆ ಬಂದು ಹಕ್ಕು ಇನ್ನೊಬ್ಬರದಾದಾಗ ಜಗಳ ಹುಟ್ಟುತ್ತದೆ. ಹಾಗಾಗಿ ಸಂಘದ ಡಿಪಾಸಿಟ್‌ಗೆ ಅತ್ತೆಯವರನ್ನೇ ನಾಮಿನಿ ಮಾಡಿಸಿ.

ಸಾಕ್ಷಿಗಳ ಆಯ್ಕೆಯಲ್ಲಿ ಸ್ವಲ್ಪ ಯೋಚಿಸಿ. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಬಂದು "ಅವರು ಸಹಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ" ಎನ್ನಬೇಕಾಗುತ್ತದೆ. ಹಾಗಾಗಿ ನಿಮ್ಮ ಯಜಮಾನರಿಗಿಂತ ಚಿಕ್ಕವರು, ಊರಲ್ಲೇ ಇರುವವರು, ವಿಲ್‌ನಿಂದ ಏನೂ ಪಡೆಯದವರು ಇರಲಿ. ಪಕ್ಕದ ಮನೆಯವರು, ಕಚೇರಿಯ ಸಹೋದ್ಯೋಗಿ ಆದೀತು. ಪ್ರತಿ ಪುಟಕ್ಕೂ ಸಹಿ, ಕೊನೆಯಲ್ಲಿ ದಿನಾಂಕ ಇರಲಿ. ಆಮೇಲೆ ಮನಸ್ಸು ಬದಲಾದರೆ ಅದರ ಮೇಲೆಯೇ ಗೀಚಿ ತಿದ್ದಬೇಡಿ, ಹೊಸದು ಬರೆಯಿರಿ. ನೋಂದಣಿ ಕಡ್ಡಾಯವಲ್ಲ. ಆದರೂ ಸೈಟ್ ಇರುವುದರಿಂದ, ಮುಂದೆ ಖಾತೆ ಬದಲಾವಣೆಗೆ ಕಚೇರಿಗೆ ಹೋದಾಗ ನೋಂದಾಯಿತ ವಿಲ್‌ಗೆ ಕಡಿಮೆ ಪ್ರಶ್ನೆ ಬರುತ್ತದೆ ಎಂಬುದು ನನ್ನ ಅನುಭವ. ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಉಪನೋಂದಣಾಧಿಕಾರಿ ಕಚೇರಿಗೆ ಒಂದು ಸಲ ಹೋದರೆ ಸಾಕು.

ಇದಕ್ಕೆ ಮಿತಿಗಳೂ ಇವೆ. ಊರಿನಲ್ಲಿ ಪಿತ್ರಾರ್ಜಿತ ಜಮೀನಿದ್ದರೆ ಯಜಮಾನರು ತಮ್ಮ ಪಾಲನ್ನು ಮಾತ್ರ ಬರೆಯಬಹುದು, ಇಡೀ ಜಮೀನನ್ನಲ್ಲ. ಮಾವನವರ ಹೆಸರಲ್ಲೇ ಪಹಣಿ ಇನ್ನೂ ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ. ಆ ಕೆಲಸ ತಲೆಮಾರು ಕಳೆದಷ್ಟೂ ಕಷ್ಟ. ಇದನ್ನು ಓದುವ ಮುಸ್ಲಿಂ ಬಂಧುಗಳಿಗೆ ಒಂದು ಮಾತು: ನಿಮ್ಮಲ್ಲಿ ವಿಲ್ ಮೂಲಕ ಸಾಮಾನ್ಯವಾಗಿ ಮೂರನೇ ಒಂದು ಭಾಗದವರೆಗೆ ಮಾತ್ರ ಕೊಡಬಹುದು, ನಿಮ್ಮ ಲೆಕ್ಕ ಬೇರೆ. ಕ್ರೈಸ್ತರಲ್ಲಿ ಮದುವೆಗೆ ಮುಂಚೆ ಬರೆದ ವಿಲ್ ಮದುವೆಯೊಂದಿಗೆ ರದ್ದಾಗುತ್ತದೆ.

ನಿಮ್ಮ ಓರಗಿತ್ತಿಯವರ ವಿಷಯಕ್ಕೆ ಬರುತ್ತೇನೆ. ನಾಮಿನಿ ಇಲ್ಲದ ಡಿಪಾಸಿಟ್‌ಗೆ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಬೇಕೇ ಬೇಕು ಎಂಬುದು ಸರಿಯಲ್ಲ. ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ವಾರಸುದಾರರ ನಡುವೆ ತಕರಾರಿಲ್ಲದಿದ್ದರೆ 15 ಲಕ್ಷದವರೆಗಿನ ಹಣವನ್ನು ವಾಣಿಜ್ಯ ಬ್ಯಾಂಕುಗಳು ಸರಳ ವಿಧಾನದಲ್ಲಿ ಕೊಡಬೇಕು. ಸಹಕಾರಿ ಬ್ಯಾಂಕುಗಳಲ್ಲಿ ಈ ಮಿತಿ 5 ಲಕ್ಷ. ಇದನ್ನು ಜಾರಿಗೆ ತರಲು ಬ್ಯಾಂಕುಗಳಿಗೆ ಕೊಟ್ಟಿದ್ದ ಗಡುವು 2026ರ ಮಾರ್ಚ್ 31. ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಮುಂದೆ ತಕರಾರು ಬಂದರೆ ಬ್ಯಾಂಕಿಗೆ ನಷ್ಟ ತುಂಬಿಕೊಡುತ್ತೇವೆ ಎಂಬ ಪರಿಹಾರ ಮುಚ್ಚಳಿಕೆ, ಹಣ ಬೇಡ ಎನ್ನುವ ವಾರಸುದಾರರ ಒಪ್ಪಿಗೆ ಪತ್ರ ಇಷ್ಟು ಕೊಡಬೇಕು. ಎಲ್ಲ ದಾಖಲೆ ಕೈಸೇರಿದ 15 ದಿನದೊಳಗೆ ಇತ್ಯರ್ಥ ಆಗಬೇಕು. ವಾರಸುದಾರರ ದಾಖಲೆಗೆ ನಾಡಕಚೇರಿಯಲ್ಲಿ ವಂಶವೃಕ್ಷ ಅಥವಾ ಜೀವಂತ ಸದಸ್ಯರ ಪ್ರಮಾಣಪತ್ರ ಸಿಗುತ್ತದೆ. ಅಲ್ಲೂ ಅತ್ತೆಯವರು ವಾರಸುದಾರರೇ, ಅವರ ಸಹಿ ಬೇಕಾಗುತ್ತದೆ. ಓರಗಿತ್ತಿಯವರು ಮಾತಿನಲ್ಲಿ ಕೇಳುವುದು ಬಿಟ್ಟು ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಲಿ. ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಿ ಎಂದು ಕೇಳಲಿ.

ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ಉಳಿಯುತ್ತದೆ. ಹಣ ಎಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ನಾಮಿನೇಷನ್ ಇದ್ದೂ, ವಿಲ್ ಇದ್ದೂ ಉಪಯೋಗವಿಲ್ಲ. ಬ್ಯಾಂಕು ತಾನಾಗಿ ಮನೆಗೆ ಬಂದು ಕೊಡುವುದಿಲ್ಲ, ಯಾರಾದರೂ ಹೋಗಿ ಕೇಳಬೇಕು.

ನಾನು ಶಾಖೆಯಲ್ಲಿದ್ದಾಗ ಒಬ್ಬ ಹೆಣ್ಣುಮಗಳು ಗಂಡನ ಖಾತೆ ಮುಚ್ಚಲು ಬಂದಿದ್ದರು. ಗಂಡ ಲಾರಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದವರು, ಕಾಯಿಲೆಯಿಂದ ತೀರಿಕೊಂಡಿದ್ದರು. ಬಟ್ಟೆ ಚೀಲದಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು, ಅಂಚೆಲ್ಲ ಗ್ರೀಸಿನ ಕಲೆ. ಖಾತೆಯಲ್ಲಿ ಇದ್ದದ್ದು ಸಾವಿರದ ಚಿಲ್ಲರೆ ರೂಪಾಯಿ. ಪುಟ ತಿರುವುತ್ತಿದ್ದಾಗ ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಕಡಿತವಾಗಿದ್ದು ಕಂಡಿತು, ಅದರ ಕೆಳಗೆ 20 ರೂಪಾಯಿ. "ಇದು ಏನಮ್ಮಾ ಗೊತ್ತಾ?" ಎಂದೆ. "ಬ್ಯಾಂಕಿನ ಚಾರ್ಜು ಇರಬೇಕು ಸಾರ್" ಎಂದರು. 436 ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ಒಂದು ವರ್ಷದ ಕಂತು, ಯಾವ ಕಾರಣದಿಂದ ಸಾವಾದರೂ 2 ಲಕ್ಷ. 20 ಅಪಘಾತ ವಿಮೆಯ ಕಂತು. ಆ ದಿನ ಖಾತೆ ಮುಚ್ಚಿ ಕಳಿಸಿದ್ದರೆ ಆ 2 ಲಕ್ಷವನ್ನು ಅವರು ಕೇಳುತ್ತಲೇ ಇರಲಿಲ್ಲ. ಆವತ್ತಿನಿಂದ ಯಾರು ಬಂದರೂ ಪಾಸ್‌ಬುಕ್ಕಿನ ಹಿಂದಿನ ಒಂದು ವರ್ಷದ ಪುಟಗಳನ್ನು ಓದಿಯೇ ಮಾತಾಡುವ ರೂಢಿ ಮಾಡಿಕೊಂಡೆ. ನೀವೂ ಇವತ್ತು ರಾತ್ರಿ ಯಜಮಾನರ ಪಾಸ್‌ಬುಕ್ ಹಾಗೆ ಓದಿ ನೋಡಿ, ಭಾವನವರದನ್ನೂ.

ಪಟ್ಟಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಒಂದು ಖಾತೆಗೆ ಒಂದು ಪುಟ. ಯಾವ ಸಂಸ್ಥೆ, ಯಾವ ಶಾಖೆ, ಖಾತೆ ಅಥವಾ ಪಾಲಿಸಿ ಸಂಖ್ಯೆ, ನಾಮಿನಿ ಯಾರು, ಮೂಲ ಕಾಗದ ಮನೆಯ ಯಾವ ಜಾಗದಲ್ಲಿದೆ ಎಂದು ಬರೆಯಿರಿ. ಪಿನ್, ಪಾಸ್‌ವರ್ಡ್ ಬರೆಯಬೇಡಿ. ಕ್ಲೇಮಿಗೆ ಅವು ಬೇಕಾಗುವುದೂ ಇಲ್ಲ. ಕಂಪನಿಯ ಗುಂಪು ವಿಮೆ, ಗ್ರಾಚ್ಯುಟಿ, ಡಿಮ್ಯಾಟ್, ಮನೆ ಸಾಲದ ಜೊತೆ ಕಟ್ಟಿಸಿಕೊಂಡ ವಿಮೆ ಇವು ಸಾಮಾನ್ಯವಾಗಿ ಮರೆತುಹೋಗುತ್ತವೆ.

ಬರಬೇಕಾದ ಹಣದಷ್ಟೇ ಮುಖ್ಯ ಕೊಡಬೇಕಾದ ಹಣ. ಗೆಳೆಯರಿಗೆ ಕೊಟ್ಟ ಕೈಸಾಲ, ತಂದ ಕೈಸಾಲ, ಯಾರದೋ ಸಾಲಕ್ಕೆ ಹಾಕಿದ ಜಾಮೀನು ಸಹಿ, ಕಟ್ಟುತ್ತಿರುವ ಚೀಟಿ, ಮತ್ತು ವಿಶೇಷವಾಗಿ ಅಡವಿಟ್ಟ ಚಿನ್ನ. ಅಡವಿನ ರಸೀದಿ ಗಂಡನ ಪರ್ಸಿನಲ್ಲಿದ್ದು, ಹೆಂಡತಿಗೆ ವಿಷಯವೇ ತಿಳಿಯದೆ, ನೋಟಿಸು ಹಳೆಯ ವಿಳಾಸಕ್ಕೆ ಹೋಗಿ, ಅವಧಿ ಮುಗಿದು ಒಡವೆ ಹರಾಜಾದ ಪ್ರಕರಣವನ್ನು ನಾನು ಕಂಡಿದ್ದೇನೆ. ತವರಿನ ಸರ ಅದು. ಸಾಲದ ಮೊತ್ತ ಅದರ ಬೆಲೆಯ ಅರ್ಧವೂ ಇರಲಿಲ್ಲ. ಈಗಲೂ ಅದು ನೆನಪಾದರೆ ಸಂಕಟವಾಗುತ್ತದೆ.

ನಿಮ್ಮ ಪಟ್ಟಿಯಲ್ಲಿ ಸಹಕಾರ ಸಂಘದ 3 ಲಕ್ಷಕ್ಕೆ ಕೆಂಪು ಗೆರೆ ಎಳೆಯಿರಿ. ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ಅದನ್ನು ಕೇಳಿ ಪಡೆಯಬಹುದು, udgam.rbi.org.in ತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಪತ್ತಿನ ಸಹಕಾರ ಸಂಘ ಬ್ಯಾಂಕಲ್ಲ. ಅದರ ಖಾತೆ ಆ ತಾಣದಲ್ಲಿ ಸಿಗುವುದಿಲ್ಲ, ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದವರೆಗಿನ ವಿಮೆಯೂ ಅದಕ್ಕೆ ಇಲ್ಲ. ಮನೆಯವರಿಗೆ ತಿಳಿಯುವ ದಾರಿ ಆ ರಸೀದಿ ಮತ್ತು ನಿಮ್ಮ ನೋಟ್‌ಬುಕ್ ಎರಡೇ.

ನೋಟ್‌ಬುಕ್ಕನ್ನೂ ವಿಲ್ಲನ್ನೂ ಯಜಮಾನರೊಬ್ಬರ ಹೆಸರಿನ ಲಾಕರಿನಲ್ಲಿ ಇಡಬೇಡಿ. ಅವರಿಲ್ಲದಾಗ ಆ ಲಾಕರ್ ತೆರೆಯಲು ಮತ್ತೆ ಕ್ಲೇಮ್ ಅರ್ಜಿ ಕೊಡಬೇಕು, ಬೇಕಾದ ಕಾಗದ ಅದರೊಳಗೇ ಇರುತ್ತದೆ. ಮನೆಯ ಬೀರುವಿನಲ್ಲಿಡಿ, ಒಂದು ನಕಲು ನಂಬಿಕೆಯ ಇನ್ನೊಬ್ಬರ ಬಳಿ ಇರಲಿ. ದೀಪಾವಳಿಯ ಲಕ್ಷ್ಮೀಪೂಜೆಗೆ ನಮ್ಮಲ್ಲಿ ಹೇಗೂ ಲೆಕ್ಕದ ಪುಸ್ತಕ ತೆಗೆಯುತ್ತಾರೆ. ಆ ದಿನ ಅದನ್ನೊಮ್ಮೆ ತಿದ್ದಿ ದಿನಾಂಕ ಹಾಕುವ ರೂಢಿ ಇಟ್ಟುಕೊಳ್ಳಬಹುದು.

ಅತ್ತೆಯವರ ಮುಂದೆ ಮಾತು ಹೇಗೆ ತೆಗೆಯುವುದು ಎಂದು ಕೇಳಿದ್ದೀರಿ. ಯಜಮಾನರ ವಿಲ್‌ನಿಂದ ಶುರು ಮಾಡಬೇಡಿ. ಒಬ್ಬ ಮಗನನ್ನು ಕಳೆದುಕೊಂಡ ತಾಯಿಗೆ ಇನ್ನೊಬ್ಬ ಮಗನ ವಿಲ್ ಎಂಬ ಮಾತು ಕೇಳುವುದೇ ಕಷ್ಟ. ದೊಡ್ಡ ಸೊಸೆ ಬ್ಯಾಂಕಿಗೆ ಅಲೆಯುತ್ತಿರುವುದನ್ನು ಅವರೇ ನೋಡುತ್ತಿದ್ದಾರೆ, ಅಲ್ಲಿಂದ ಶುರು ಮಾಡಿ. ಮೊದಲು ಅವರ ಉಳಿತಾಯ ಖಾತೆಯ ಪಾಸ್‌ಬುಕ್ ತೆಗೆದು ನಾಮಿನಿ ಸಾಲು ಇದೆಯೇ ನೋಡಿ, ಮಾವನವರದೋ ಭಾವನವರದೋ ಹೆಸರು ಇನ್ನೂ ಅಲ್ಲಿದ್ದರೂ ಆಶ್ಚರ್ಯವಿಲ್ಲ. ಅದನ್ನು ಬದಲಿಸಲು ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವ ದಿನ ಯಜಮಾನರೂ ತಮ್ಮ ಎಫ್‌ಡಿ ರಸೀದಿಗಳೊಂದಿಗೆ ಜೊತೆಗೆ ಬರಲಿ. ಪಿಎಫ್‌ನ ಇ-ಸೈನ್ ಮಾತ್ರ ಅಲ್ಲಿಯವರೆಗೂ ಕಾಯುವುದು ಬೇಡ, ಈ ಭಾನುವಾರವೇ ಮುಗಿಸಿ.